ಎಕೋದಾಗ ಇಎಫ್ ಅಷ್ಟೇ ನೋಡಬ್ಯಾಡ್ರಿ

ಹೃದಯದ ಸ್ಕ್ಯಾನ್ ಆದ ಎಕೋ ರಿಪೋರ್ಟ್ ಕೈಗೆ ಬಂದ ಕೂಡಲೇ ನಮ್ಮ ಕಡೆ ಎಲ್ಲರ ಕಣ್ಣು ಇಎಫ್ ಮೇಲೆ, ಅಂದರೆ ಪ್ರತಿ ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರದೂಡುತ್ತದೆ ಎಂಬ ಅಂಕಿಯ ಮೇಲೆ. 60 ಇದ್ದರೆ "ಹಾರ್ಟ್ ಚೊಲೊ ಐತಿ" ಅಂತ ಫೈಲ್ ಮಡಚಿ ಇಡುತ್ತಾರೆ. ಮಾರ್ಫಾನ್ ಕಾಯಿಲೆ ಇರುವವರಿಗೆ ಇದು ಹುಸಿ ಸಮಾಧಾನ. ಅವರ ತೊಂದರೆ ಇರುವುದು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ, ಅಂದರೆ ಅಯೋರ್ಟಾದ ಬುಡದಲ್ಲಿ. ಅದರ ಗೋಡೆಯ ಎಳೆಗಳಿಗೆ ಬಲ ಕೊಡುವ ಫೈಬ್ರಿಲಿನ್ ಎಂಬ ಪ್ರೋಟೀನ್ ಹುಟ್ಟಿನಿಂದಲೇ ಸರಿಯಿರುವುದಿಲ್ಲ. ಪ್ರತಿ ಬಡಿತದ ಮೊದಲ ಏಟು ತಿನ್ನುವ ಬುಡ ವರ್ಷಗಟ್ಟಲೆ ಸದ್ದಿಲ್ಲದೆ ಹಿಗ್ಗುತ್ತದೆ.

ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುವ, ಮಾರ್ಫಾನ್ ಇರುವ 24ರ ಹುಡುಗ ಅಂತ ಇಟ್ಟುಕೊಳ್ಳಿ. ಆರಡಿ ಮೂರಿಂಚು ಎತ್ತರ, ಉದ್ದ ಬೆರಳು, ಕಣ್ಣಿನ ಮಸೂರ ಜಾರಿದೆ. ಅಪ್ಪ 41ಕ್ಕೇ ದಿಢೀರನೆ ತೀರಿಹೋದರು. ಊರವರು ಹಾರ್ಟ್ ಅಟ್ಯಾಕ್ ಅಂದರು, ಅಯೋರ್ಟಾ ಸೀಳಿದ್ದೂ ಇರಬಹುದು. ಹುಡುಗನ ಮೊದಲ ಎಕೋದಲ್ಲಿ ಬುಡ 42 ಮಿಮೀ. ಆರು ತಿಂಗಳಿಗೆ ಬಳ್ಳಾರಿಯ ಬೇರೊಂದು ಕಡೆ ಮಾಡಿಸಿದರೆ 45. ನಿಜವಾಗಿ ಹಿಗ್ಗಿತೋ, ಅಳತೆ ತಪ್ಪಿತೋ? ಒಬ್ಬರು ಗೋಡೆಯ ದಪ್ಪ ಸೇರಿಸಿ ಅಳೆಯುತ್ತಾರೆ, ಇನ್ನೊಬ್ಬರು ಬಿಟ್ಟು. ಕೆಲವರು ಬುಡದ ಉಬ್ಬಿದ ಭಾಗವಾದ ಸೈನಸ್ ಮಟ್ಟ ಬಿಟ್ಟು ಸ್ವಲ್ಪ ಮೇಲೆ ಅಳೆಯುತ್ತಾರೆ. ಎರಡು ಮೂರು ಮಿಮೀ ವ್ಯತ್ಯಾಸಕ್ಕೆ ಇಷ್ಟು ಸಾಕು. ಅದಕ್ಕೇ ಆದಷ್ಟು ಒಂದೇ ಕಡೆ ಮಾಡಿಸಿ, ಹಳೆ ರಿಪೋರ್ಟ್ ಮುಂದಿಟ್ಟು, ಎಲ್ಲಿ ಅಳೆದರು ಅಂತ ಬರೆಸಿಕೊಳ್ಳಿ. ಅನುಮಾನ ಬಂದರೆ ಸಿಟಿ ಅಥವಾ ಎಂಆರ್‌ಐ.

ಕಾಯಿಲೆ ಪತ್ತೆಯಾದಾಗ ಒಂದು ಎಕೋ, ಆರು ತಿಂಗಳಿಗೆ ಇನ್ನೊಂದು, ಬದಲಾಗದಿದ್ದರೆ ಆಮೇಲೆ ವರ್ಷಕ್ಕೊಮ್ಮೆ. 45 ದಾಟಿದರೆ ಇನ್ನೂ ಬೇಗ ಬೇಗ. ಸಾಮಾನ್ಯವಾಗಿ 50 ಮಿಮೀಗೆ ಆಪರೇಷನ್ ಮಾತು. ಮನೆಯಲ್ಲಿ ಯಾರಿಗಾದರೂ ಅಯೋರ್ಟಾ ಸೀಳಿದ್ದರೆ, ಇಲ್ಲವೇ ವರ್ಷಕ್ಕೆ 3 ಮಿಮೀಗಿಂತ ಹೆಚ್ಚು ಹಿಗ್ಗುತ್ತಿದ್ದರೆ 45ಕ್ಕೇ. ಈ ಹುಡುಗನ 45 ನಿಜವೆಂದು ಸಿಟಿ ಹೇಳಿದರೆ ಹಾರ್ಟ್ ಸರ್ಜನ್ ಹತ್ತಿರ ಹೋಗುವುದನ್ನು ಮುಂದೂಡುವಂತಿಲ್ಲ.

ಇನ್ನು ಚೀಲದ ಕೆಲಸ. ಉಸಿರು ಬಿಗಿಹಿಡಿದು ಭಾರ ಎತ್ತಿದ ಕ್ಷಣ ಬಿಪಿ ಒಮ್ಮೆಲೇ ಜಿಗಿಯುತ್ತದೆ, ತೆಳುವಾದ ಬುಡಕ್ಕೆ ಅದೇ ಅಪಾಯ. ಹಾಗಾಗಿ ಹಮಾಲಿ, ಕುಸ್ತಿ, ಕಬಡ್ಡಿ, ಜಾತ್ರೆಯಲ್ಲಿ ಗುಂಡು ಎತ್ತುವುದು, ಜಿಮ್ ಎಲ್ಲ ಬಿಡಬೇಕು. ಹಾಗಂತ ಮಂಚ ಹಿಡಿಯುವುದೂ ತಪ್ಪು. ಮನೆಯವರು ಅತಿ ಜೋಪಾನ ಮಾಡಿ ಕೂರಿಸಿಬಿಡುತ್ತಾರೆ. ಮಾತಾಡುತ್ತಾ ಮಾಡಬಹುದಾದಷ್ಟು ನಡಿಗೆ, ಸಮತಟ್ಟಿನಲ್ಲಿ ಸೈಕಲ್ ಸಾಮಾನ್ಯವಾಗಿ ನಡೆಯುತ್ತದೆ. ಮಿಲ್ಲಿನಲ್ಲೇ ತೂಕ ಬರೆಯುವ ಕೆಲಸ ಕೇಳಿ ನೋಡಬಹುದು.

ಅಟೆನೊಲಾಲ್ ಅಥವಾ ಲೊಸಾರ್ಟಾನ್ ಮಾತ್ರೆ ಕೊಟ್ಟಿದ್ದರೆ "ಬಿಪಿ ನಾರ್ಮಲ್ ಐತಲ್ಲ" ಅಂತ ಬಿಡಬೇಡಿ. ಅದು ನಾಳದ ಮೇಲಿನ ಹೊಡೆತ ತಗ್ಗಿಸಲು ಕೊಟ್ಟಿದ್ದು. ಜ್ವರಕ್ಕೋ ಭೇದಿಗೋ ಸಿಪ್ರೊಫ್ಲಾಕ್ಸಸಿನ್ ಕೊಡಲು ಬಂದರೆ ಕಾಯಿಲೆ ತಿಳಿಸಿ, ಬೇರೆ ಮಾತ್ರೆ ಕೇಳಿ.

ಎದೆಯಲ್ಲೋ ಬೆನ್ನಲ್ಲೋ ದಿಢೀರನೆ ಸೀಳಿದಂಥ ನೋವು ಬಂದರೆ ಗ್ಯಾಸ್ ಮಾತ್ರೆ ನುಂಗಿ ಕೂರಬೇಡಿ. ಆಗ ಇಸಿಜಿ ನಾರ್ಮಲ್ ಬರಬಹುದು. ಹಾರ್ಟ್ ಅಟ್ಯಾಕ್ ಅಂತ ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಕುತ್ತು. ಮೊಬೈಲ್ ಕವರಿನೊಳಗೆ ಒಂದು ಚೀಟಿ ಇಟ್ಟುಕೊಳ್ಳಿ: "ಮಾರ್ಫಾನ್ ಇದೆ, ಅಯೋರ್ಟಾ 45 ಮಿಮೀ, ಎದೆನೋವಿದ್ದರೆ ಮೊದಲು ಅಯೋರ್ಟಾದ ಸಿಟಿ ಮಾಡಿ."