ಕುಂದುವಾಡ ಕೆರೆಯೊಳಗೆ ನಾನು

ನಿನ್ನೆ ಸಂಜೆ ಮಂಡಿಪೇಟೆಯ ಅಂಗಡಿಯಲ್ಲಿ ಅಕ್ಕಿ ಚೀಲಕ್ಕೆ ಚೌಕಾಸಿ ಮಾಡುತ್ತಾ ನಿಂತಿದ್ದೆ. ಹರಿಹರದಿಂದ ಅಕ್ಕನ ಫೋನು. "ಏನೋ, ಈ ಹೊತ್ನಾಗೆ ಕೆರಿಯಾಗೆ ಏನ್ ಮಾಡಕತ್ತೀಯೋ?"

ತಪ್ಪು ಅಕ್ಕನದಲ್ಲ, ಅವಳ ಮಗನದು. ಹೋದ ವಾರ ಬಂದವನು, "ಮಾಮಾ, ನಿನ್ನ ಫೋನ್ ಯಾವಾಗ ಸಾಯುತ್ತೋ ಗೊತ್ತಾಗಲ್ಲ" ಅಂತ ಮ್ಯಾಕ್ರೋಡ್ರಾಯ್ಡ್ ಅನ್ನೋ ಆಪ್ ಹಾಕಿ ಒಂದು ನಿಯಮ ಬರೆದುಕೊಟ್ಟಿದ್ದ. ಬ್ಯಾಟರಿ 15 ಪರ್ಸೆಂಟಿಗೆ ಇಳಿದ ಕೂಡಲೇ ನಾನಿರುವ ಜಾಗದ ಲಿಂಕು ಹೆಂಡತಿಗೂ ಅಕ್ಕನಿಗೂ ಎಸ್ಸೆಮ್ಮೆಸ್ ಹೋಗಬೇಕು. ಹೋಯಿತು. ಆದರೆ ಆಪ್ ಹೊಸದಾಗಿ ಜಾಗ ಹುಡುಕದೆ, ಕೊನೇ ಸಲ ಕಂಡದ್ದನ್ನೇ ಕಳಿಸಿತು. ಕಂಡದ್ದು ಬೆಳಿಗ್ಗೆ, ನಾನು ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗಿದ್ದಾಗ. ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಅತ್ತಿತ್ತ ಆಗೋದು ಇದ್ದದ್ದೇ. ಗುರುತು ನೀರಿನೊಳಗೆ ಬಿದ್ದಿತ್ತು.

"ಬ್ಯಾಟ್ರಿ ಎಷ್ಟೈತಿ ಈಗ?" ಅಂದಳು ಅಕ್ಕ. ಅಕ್ಕನ ಸ್ವಭಾವವೇ ಇದು. ಬ್ಯಾಟರಿ ಮುಗೀತಾ ಬಂತು ಅಂತ ಸುದ್ದಿ ಬಂದರೆ, ಮುಗಿಯೋದ್ರೊಳಗೆ ಮಾತಾಡಿಬಿಡಬೇಕು. ಕೆರೆಯಿಂದ ಶುರುವಾಗಿ ಮೊಳಕಾಲು ನೋವು, ಸೊಸೆಯ ಸಾರು, ಪಕ್ಕದ ಮನೆ ಸೈಟಿನ ಜಗಳದವರೆಗೆ ಬರುವಷ್ಟರಲ್ಲಿ 14.

ಅಂಗಡಿಯವರು ಪಾಪ, ತಕ್ಕಡಿ ಪಕ್ಕದ ಚಾರ್ಜರ್ ಕೊಟ್ಟರು. ಅದರ ಪಿನ್ನು ಸಡಿಲ. ವೈರಿನ ಮೇಲೆ ತೂಕದ ಬಟ್ಟು ಇಟ್ಟರೆ ಮಾತ್ರ ಹಿಡಿಯುತ್ತೆ. ಹೇಗೋ 16ಕ್ಕೆ ಏರಿತು. ಗಿರಾಕಿಯೊಬ್ಬರಿಗೆ ಬೆಲ್ಲ ತೂಗಲು ಅವರು ಬಟ್ಟು ಎತ್ತಿಕೊಂಡರು. ಮತ್ತೆ 15. ಮತ್ತೆ ಮೆಸೇಜು, ಮತ್ತೆ ಅಕ್ಕ: "ಇನ್ನೂ ನೀರಾಗೇ ಅದೀಯಲ್ಲೋ!" ಬೆಲ್ಲ ಆದಮೇಲೆ ಹುಣಸೆಹಣ್ಣು. ಅರ್ಧ ಗಂಟೆಯಲ್ಲಿ ಮೂರು ಸಲ ಮುಳುಗಿದೆ. ಮೂರನೇ ಸಲ ಫೋನೇ ಆರಿಹೋಯಿತು. ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತು ಮೊದಲು ನನ್ನ ಪ್ಯಾಂಟು ನೋಡಿದಳು. ಒಣಗಿತ್ತು. ಆಮೇಲೆ ಬೈದಳು.

ಅಪ್ಪ ಬೆಳಿಗ್ಗೆ ಮಂಡಿಪೇಟೆಗೆ ಹೋದರೆ ಸಂಜೆವರೆಗೆ ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಓಣಿ ತಿರುವಿನಲ್ಲಿ ಸೈಕಲ್ ಬೆಲ್ಲು ಎರಡು ಸಲ ಕೇಳಿದರೆ ಅವ್ವ ಒಲೆ ಮೇಲೆ ಟೀಗೆ ಇಡುತ್ತಿದ್ದಳು. ಅಷ್ಟೇ ಲೊಕೇಶನ್ನು.

ರಾತ್ರಿ ಅಳಿಯನಿಗೆ ಫೋನ್ ಹಚ್ಚಿ ರೇಗಿದೆ. ಅವನು ಅಲ್ಲಿಂದಲೇ ಹೇಳಿಕೊಡುತ್ತಾ ನಿಯಮ ತಿದ್ದಿಸಿದ. ಮೆಸೇಜು ಕಳಿಸುವ ಮೊದಲು ಜಾಗವನ್ನು ಹೊಸದಾಗಿ ಹುಡುಕಬೇಕು. ಒಮ್ಮೆ ಕಳಿಸಿದ ಮೇಲೆ ಬ್ಯಾಟರಿ 50 ದಾಟುವವರೆಗೆ ಇನ್ನೊಂದು ಕಳಿಸಬಾರದು. ಹಳೇ ಬ್ಯಾಟರಿ ತೋರಿಸೋ ಲೆಕ್ಕ ನಂಬೋ ಹಾಗಿಲ್ಲ, 12 ಅಂತ ತೋರಿಸುತ್ತಲೇ ಆರಿಹೋಗಬಹುದು. ಅದಕ್ಕೇ 15 ಬೇಡ, 30 ಇರಲಿ ಅಂದ.

ಈಗ ಗುರುತು ಸರಿಯಾಗಿ ಬೀಳುತ್ತಿದೆ, ಒಂದೇ ಸಲ ಹೋಗುತ್ತಿದೆ. ಇವತ್ತು ಮಧ್ಯಾಹ್ನ 30ಕ್ಕೆ ಇಳಿದಾಗ ಅಕ್ಕ ಫೋನ್ ಮಾಡಿದಳು. "ಅಂಗಡ್ಯಾಗೆ ಇದೀಯಂತಲ್ಲ, ಒಳ್ಳೇದಾತು. ಚಾರ್ಜೂ ಡಬಲ್ ಐತಿ" ಅಂದು, ಸೈಟಿನ ಜಗಳವನ್ನು ಮೊದಲಿಂದ ಹೇಳತೊಡಗಿದಳು.