ಎಲ್ಲವೂ ಕ್ಲೋಸ್, ವಾಲ್ವ್ ಒಂದು ಬಿಟ್ಟು

ಕಾರವಾರದ ಹತ್ತಿರ ಒಂದು ಮೀನಿನ ಫ್ಯಾಕ್ಟರಿ. ಅಲ್ಲಿ ಸೇಫ್ಟಿ ಮತ್ತು ಪರಿಸರದ ಆಂತರಿಕ ಆಡಿಟ್ ಮಾಡಿದವನು ನಾನು, ಸ್ಟೋರ್ಸಿನವ. ನಮ್ಮ ಸ್ಟೋರ್ಸಿನ ಆಡಿಟ್ ಮಾಡುವವರು ಸೇಫ್ಟಿಯವರು. ತನ್ನ ಕೆಲಸವನ್ನು ತಾನೇ ಆಡಿಟ್ ಮಾಡಬಾರದಲ್ಲ, ಅದಕ್ಕೆ. ಈ ತಿಂಗಳು ನಾನು ಬರೆದರೆ ಮುಂದಿನ ತಿಂಗಳು ಅವರು ಬರೆಯುತ್ತಾರೆ. ಹಾಗಾಗಿ ಇಬ್ಬರೂ ಒಳ್ಳೆಯವರು.

ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರಕ್ಕೆ ಫ್ರೇಮ್ ಹಾಕಿ ಗಣಪತಿ ಪಟದ ಪಕ್ಕ ತೂಗಿದ್ದರು. ಹಾರ ಎರಡಕ್ಕೂ ಒಂದೇ. ಅವಧಿ ಮುಗಿಯುವ ತಾರೀಖು ಸರಿಯಾಗಿ ಸೇವಂತಿಗೆಯ ಹಿಂದೆ.

ನಂತರ ಪರ್ಮಿಟ್ ಕಡತ. ಕೊಳಚೆ ನೀರಿನ ಟ್ಯಾಂಕಿಗೆ ಇಳಿಯುವ ಮೊದಲು ಒಳಗಿನ ಆಮ್ಲಜನಕ ಅಳೆದು ಬರೆಯಬೇಕು. ಹೊರಗಿನ ಗಾಳಿಯಲ್ಲಿ ಅದು ಶೇ. 20.9. ಶೇ. 19.5ಕ್ಕಿಂತ ಕಡಿಮೆ ಬಂದರೆ ಇಳಿಯುವ ಹಾಗಿಲ್ಲ. ಜುಲೈನ ಪರ್ಮಿಟ್ ಎಲ್ಲದರಲ್ಲೂ 20.9, ಒಂದೇ ಪೆನ್ನು, ಒಂದೇ ಕೈಬರಹ. ಮೀನಿನ ತ್ಯಾಜ್ಯ ಕೊಳೆಯುವ ಟ್ಯಾಂಕಿನೊಳಗೆ ದೇವಬಾಗ ಕಡಲತೀರದ ಗಾಳಿ! ಗಾಳಿ ಚೆನ್ನಾಗಿ ಊದಿದ್ದರೆ ಬರಬಹುದು ಅನ್ನಿ. ಆದರೆ ಆ ಮೀಟರ್ ಜುಲೈ 6ರಿಂದ 19ರವರೆಗೆ ಕ್ಯಾಲಿಬ್ರೇಶನ್‌ಗೆಂದು ಅರಬೈಲ್ ಘಾಟಿ ಹತ್ತಿ ಹುಬ್ಬಳ್ಳಿಗೆ ಹೋಗಿತ್ತು. ಗೇಟ್ ಪಾಸಿಗೆ ಸಹಿ ಹಾಕಿದ್ದು ನಾನೇ.

ಅವಘಡದ ರಿಜಿಸ್ಟರ್ ಇನ್ನೂ ಚೆಂದ. ಕೋಲ್ಡ್ ಸ್ಟೋರೇಜಿನ ಒಂದೇ ವಾಲ್ವಿನಿಂದ ಅಮೋನಿಯಾ ಫೆಬ್ರವರಿ, ಮೇ, ಆಗಸ್ಟಿನಲ್ಲಿ ಸೋರಿದೆ. ಮೂರು ಸಲವೂ ಮೂಲ ಕಾರಣ 'ಆಪರೇಟರ್ ನಿರ್ಲಕ್ಷ್ಯ'. ಕ್ರಮ: 'ತಿಳಿಹೇಳಲಾಗಿದೆ'. ಸ್ಥಿತಿ: ಕ್ಲೋಸ್. ಮೂರು ಸಲ ಮೂರು ಬೇರೆ ಆಪರೇಟರುಗಳು. ವಾಲ್ವ್ ಮಾತ್ರ ಬದಲಾಗಿಲ್ಲ, ಅದಕ್ಕೆ ಯಾರೂ ತಿಳಿಹೇಳಿಲ್ಲ.

ಆಗಸ್ಟಿನ ನಂತರ ವಾಲ್ವಿನ ಪಕ್ಕ ಕಣ್ಣು ತೊಳೆಯುವ ನಲ್ಲಿ ಕೂರಿಸಿದ್ದರು. ಅಮೋನಿಯಾ ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರು ಬಿಡಬೇಕು. ಕಡತದಲ್ಲಿ ನಲ್ಲಿಯ ಬಣ್ಣದ ಫೋಟೊ ಇತ್ತು. ಸುಮ್ನೆ ತಿರುಗಿಸಿದೆ. ನಲ್ಲಿ ಒಮ್ಮೆ ಕೆಮ್ಮಿತು, ತುಕ್ಕಿನ ಪುಡಿ ಉದುರಿತು, ಆಮೇಲೆ ಒಂದು ಕಣಜ ಹೊರಬಂದು ನನ್ನನ್ನೇ ನೋಡಿತು.

"ನೀರಿನ ಪೈಪ್ ಎಲ್ಲಿ?" ಸೇಫ್ಟಿಯವರನ್ನು ಕೇಳಿದೆ.

"ಅದು ಬೇರೆ ಇಂಡೆಂಟ್ ಮಾರಾಯ್ರೆ. ಫೋಟೊಕ್ಕೆ ನಲ್ಲಿ ಸಾಕಲ್ವಾ?"

ಈ ಸಲ ಬಿಡುವುದಿಲ್ಲ ಎಂದುಕೊಂಡೆ. ವಾಲ್ವ್ ನಿಜವಾಗಿ ರಿಪೇರಿ ಆಗಿದ್ದರೆ ಸೋರಿಕೆ ತಡೆಯುವ ಹೊಸ ಗ್ಲ್ಯಾಂಡ್ ಪ್ಯಾಕಿಂಗ್ ಸ್ಟೋರ್ಸಿನಿಂದ ಹೋಗಿರಲೇಬೇಕು. ಲೆಡ್ಜರ್ ತೆಗೆದೆ. ಒಂದು ತುಂಡೂ ಹೋಗಿಲ್ಲ. ಸಿಕ್ಕಿಬಿದ್ದರು! ಖುಷಿಯಿಂದ ಇಂಡೆಂಟ್ ಫೈಲ್ ಹುಡುಕಿದೆ. ಪ್ಯಾಕಿಂಗ್ ಬೇಕೆಂದು ಫೆಬ್ರವರಿಯಲ್ಲೇ ಇಂಡೆಂಟ್ ಬಂದಿತ್ತು. ನನ್ನ ಮೇಜಿನ ಮೇಲೆ, ಚಹಾ ಲೋಟದ ಕೆಳಗೆ, ಗುಂಡನೆ ಕಲೆ ಸಮೇತ.

ವರದಿ ಅವತ್ತೇ ಬರೆದು ಕೊಟ್ಟೆ: ಸ್ಟೋರ್ಸಿನವರಿಗೆ ತಿಳಿಹೇಳಲಾಗಿದೆ. ಕ್ಲೋಸ್.