ವೈಫೈ ಸಾಲಿನ ನಾಲ್ಕು ಗುರುತುಗಳು

ಸ್ಟೋರೇಜ್ ತುಂಬಿದೆ ಎಂಬ ಸೂಚನೆ ಬಂದಾಗಲೆಲ್ಲ ಗ್ಯಾಲರಿ ತೆರೆದು, ಗುಂಪುಗಳಲ್ಲಿ ಬಂದ ಚಿತ್ರಗಳನ್ನೂ ವಿಡಿಯೊಗಳನ್ನೂ ಒಂದೊಂದಾಗಿ ಅಳಿಸುತ್ತಾ ಕೂರುವುದು ಬಹಳಷ್ಟು ಜನರಿಗೆ ರೂಢಿಯಾಗಿಬಿಟ್ಟಿದೆ. ಹೀಗೆ ಅಳಿಸಿ ಪಡೆದ ಜಾಗ ಕೆಲವೇ ದಿನಗಳಲ್ಲಿ ಮತ್ತೆ ತುಂಬುತ್ತದೆ. ಕ್ಯಾಮೆರಾ ಹೊಸ ಚಿತ್ರ ತೆಗೆಯಲು ನಿರಾಕರಿಸುತ್ತದೆ, ಆ್ಯಪ್‌ಗಳ ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತದೆ, ಕೊನೆಗೆ ‘ಈ ಫೋನ್ ಹಳೆಯದಾಯಿತು, ಹೊಸದು ಕೊಳ್ಳಬೇಕು’ ಎಂಬ ತೀರ್ಮಾನಕ್ಕೆ ಬರುತ್ತೇವೆ. ಬಹಳ ಸಲ ಫೋನಿನಲ್ಲಿ ಯಾವ ದೋಷವೂ ಇರುವುದಿಲ್ಲ. ಬಂದದ್ದನ್ನೆಲ್ಲ ನಮ್ಮನ್ನು ಕೇಳದೆ ಇಳಿಸಿಕೊಳ್ಳುವಂತೆ ವಾಟ್ಸ್ಆ್ಯಪ್‌ನಲ್ಲಿ ಮೊದಲೇ ಆಗಿರುವ ಏರ್ಪಾಡನ್ನು ಯಾರೂ ಬದಲಿಸಿರುವುದಿಲ್ಲ, ಅಷ್ಟೇ. ಗುಂಪಿನಲ್ಲಿ ಒಬ್ಬರು ಹಾಕಿದ ವಿಡಿಯೊ ನನ್ನ ಫೋನಿನ ಜಾಗವನ್ನು ಹಿಡಿಯಬೇಕೇ ಬೇಡವೇ ಎಂಬುದನ್ನು ನಾನು ತೀರ್ಮಾನಿಸಬೇಕೇ ಹೊರತು ಕಳುಹಿಸಿದವರಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್ಆ್ಯಪ್‌ನ Settings ತೆರೆದು, Storage and data ಎಂಬಲ್ಲಿಗೆ ಹೋದರೆ Media auto-download ಎಂಬ ಭಾಗ ಕಾಣುತ್ತದೆ. ಅಲ್ಲಿ ಮೂರು ಸಾಲುಗಳಿವೆ: ಮೊಬೈಲ್ ಡೇಟಾ ಬಳಸುವಾಗ, ವೈಫೈನಲ್ಲಿರುವಾಗ, ರೋಮಿಂಗ್‌ನಲ್ಲಿರುವಾಗ. ಪ್ರತಿ ಸಾಲನ್ನು ಒತ್ತಿದರೆ ಫೋಟೊ, ಆಡಿಯೊ, ವಿಡಿಯೊ, ಡಾಕ್ಯುಮೆಂಟ್ ಎಂಬ ನಾಲ್ಕು ಆಯ್ಕೆಗಳು ತೆರೆದುಕೊಳ್ಳುತ್ತವೆ. ನಾವು ಏನನ್ನೂ ಮುಟ್ಟದೆ ಬಿಟ್ಟಿದ್ದರೆ ಮೊಬೈಲ್ ಡೇಟಾದಲ್ಲಿ ಫೋಟೊಗಳು ಮಾತ್ರ ತಾವಾಗಿ ಇಳಿಯುತ್ತವೆ, ರೋಮಿಂಗ್‌ನಲ್ಲಿ ಏನೂ ಇಳಿಯುವುದಿಲ್ಲ, ವೈಫೈನಲ್ಲಿ ಮಾತ್ರ ನಾಲ್ಕೂ ಬಗೆಯವು ಇಳಿಯುತ್ತವೆ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಡೇಟಾ ಬೇಗ ಮುಗಿಯುತ್ತದೆ ಎಂಬ ಕಾರಣಕ್ಕೆ ಎಂದೋ ಒಮ್ಮೆ ಮೊದಲ ಸಾಲಿನ ಗುರುತನ್ನು ತೆಗೆದಿರುತ್ತಾರೆ ಮತ್ತು ‘ಆಟೋ ಡೌನ್‌ಲೋಡ್ ನಿಲ್ಲಿಸಿದ್ದೇನೆ’ ಎಂದು ನಂಬಿರುತ್ತಾರೆ. ಆದರೆ ಆ ಮೂರು ಸಾಲುಗಳ ವಿಂಗಡಣೆ ಹುಟ್ಟಿರುವುದು ಇಂಟರ್ನೆಟ್ಟಿನ ಖರ್ಚಿನ ಲೆಕ್ಕದಿಂದ, ಸ್ಟೋರೇಜಿನ ಲೆಕ್ಕದಿಂದಲ್ಲ. ವೈಫೈ ಮೂಲಕ ಬಂದ ವಿಡಿಯೊಗೆ ಡೇಟಾ ಖರ್ಚು ಇಲ್ಲದಿರಬಹುದು, ಅದು ಹಿಡಿಯುವ ಜಾಗ ಮಾತ್ರ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಮನೆಯಲ್ಲೂ ಕಚೇರಿಯಲ್ಲೂ ವೈಫೈ ಇರುವವರ ಫೋನಿನಲ್ಲಿ ದಿನದ ಬಹುಪಾಲು ಕೆಲಸ ಮಾಡುವುದು ಎರಡನೆಯ ಸಾಲೇ ಆದ್ದರಿಂದ, ಅದನ್ನು ಬದಲಿಸದೆ ಮೊದಲ ಸಾಲನ್ನು ಎಷ್ಟು ಬಿಗಿಗೊಳಿಸಿದರೂ ಸ್ಟೋರೇಜಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ.

ಒಂದು ಉದಾಹರಣೆಯ ಲೆಕ್ಕ ಹಾಕಿ ನೋಡೋಣ. ಒಂದು ಗುಂಪಿನಲ್ಲಿ ದಿನಕ್ಕೆ 20 ಫೋಟೊ, 6 ವಿಡಿಯೊ ಬರುತ್ತವೆ ಎಂದಿಟ್ಟುಕೊಳ್ಳಿ. ವಾಟ್ಸ್ಆ್ಯಪ್ ಸಾಮಾನ್ಯ ಗುಣಮಟ್ಟದ ಫೋಟೊಗಳನ್ನು ಕುಗ್ಗಿಸಿಯೇ ಕಳುಹಿಸುವುದರಿಂದ ಒಂದಕ್ಕೆ 250 ಕೆಬಿ ಎಂದು ಹಿಡಿದರೆ, ಎಲ್ಲ ಫೋಟೊ ಸೇರಿ ದಿನಕ್ಕೆ 5 ಎಂಬಿ. ವಿಡಿಯೊ ಒಂದಕ್ಕೆ 10 ಎಂಬಿ ಎಂದರೆ ದಿನಕ್ಕೆ 60 ಎಂಬಿ. ತಿಂಗಳ ಕೊನೆಗೆ ಫೋಟೊಗಳದು 150 ಎಂಬಿ, ವಿಡಿಯೊಗಳದು 1,800 ಎಂಬಿ. ಸಂಖ್ಯೆಯಲ್ಲಿ ಫೋಟೊಗಳೇ ಮೂರು ಪಟ್ಟಿಗಿಂತ ಹೆಚ್ಚಿದ್ದರೂ ಜಾಗ ತಿಂದದ್ದು ವಿಡಿಯೊಗಳು. ಗ್ಯಾಲರಿಯಲ್ಲಿ ಕೂತು ನೂರಾರು ಫೋಟೊ ಅಳಿಸಿದರೂ ಜಾಗ ಸಿಗುವುದಿಲ್ಲವಲ್ಲ ಎಂದು ಜನ ಬೇಸರಪಡುವುದಕ್ಕೆ ಕಾರಣ ಇದೇ. ಆದ್ದರಿಂದ ಎಲ್ಲವನ್ನೂ ನಿಲ್ಲಿಸಲು ಮನಸ್ಸಿಲ್ಲದವರು ಎರಡನೆಯ ಸಾಲಿನಲ್ಲಿ ವಿಡಿಯೊ ಎಂಬ ಒಂದೇ ಗುರುತನ್ನು ತೆಗೆದರೂ ಸಮಸ್ಯೆಯ ಬಹುಪಾಲು ಬಗೆಹರಿಯುತ್ತದೆ. ಡಾಕ್ಯುಮೆಂಟ್ ಗುರುತನ್ನೂ ತೆಗೆಯುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ಡಾಕ್ಯುಮೆಂಟ್ ರೂಪದಲ್ಲಿ 2 ಜಿಬಿವರೆಗಿನ ಕಡತವನ್ನು ಕಳುಹಿಸಲು ಅವಕಾಶವಿದೆ, ಮತ್ತು ಗುಣಮಟ್ಟ ಕುಗ್ಗಬಾರದೆಂದು ಸಮಾರಂಭದ ವಿಡಿಯೊಗಳನ್ನು ಹಾಗೆಯೇ ಕಳುಹಿಸುವವರು ಇದ್ದಾರೆ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತಲೂ ಆಳವಾಗಿ ಬೇರೂರಿದೆ. ವಾಟ್ಸ್ಆ್ಯಪ್‌ನ Chats ವಿಭಾಗದಲ್ಲಿ Media visibility ಎಂಬ ಆಯ್ಕೆಯಿದೆ. ಅದನ್ನು ಆಫ್ ಮಾಡಿದರೆ ಆ ನಂತರ ಇಳಿದ ಚಿತ್ರ, ವಿಡಿಯೊಗಳು ಗ್ಯಾಲರಿಯಲ್ಲಿ ಕಾಣಿಸುವುದಿಲ್ಲ. ಕಾಣಿಸುವುದಿಲ್ಲ ಎಂದ ಮಾತ್ರಕ್ಕೆ ಅವು ಇಳಿದಿಲ್ಲ ಎಂದಲ್ಲ. ನನ್ನ ಚಿಕ್ಕಮ್ಮನ ಫೋನಿನಲ್ಲಿ ಇದನ್ನು ಕಣ್ಣಾರೆ ಕಂಡೆ. ‘ಗ್ಯಾಲರಿಯಲ್ಲಿ ನಾನು ತೆಗೆದ ಫೋಟೊ ಬಿಟ್ಟರೆ ಬೇರೇನೂ ಇಲ್ಲ ಕಣಪ್ಪ, ಆದರೂ ಜಾಗ ಇಲ್ಲ ಅಂತ ಯಾಕೆ ಹೇಳುತ್ತೆ?’ ಎಂದು ಅವರು ಕೇಳಿದರು. ಅವರಿಗೆ ಯಾರೋ ಒಳ್ಳೆಯ ಮನಸ್ಸಿನಿಂದಲೇ ಆ ಆಯ್ಕೆಯನ್ನು ಆಫ್ ಮಾಡಿಕೊಟ್ಟಿದ್ದರು. ಫೈಲ್ ಮ್ಯಾನೇಜರ್ ತೆರೆದು Android/media/com.whatsapp/WhatsApp/Media ಎಂಬ ಫೋಲ್ಡರಿಗೆ ಹೋಗಿ ನೋಡಿದಾಗ, WhatsApp Video ಎಂಬಲ್ಲಿ ಬಂಧುಬಳಗದ ಗುಂಪಿನಿಂದ ಬಂದ ವಿಡಿಯೊಗಳು ಸಾಲುಗಟ್ಟಿ ಕೂತಿದ್ದವು. ಅವುಗಳಲ್ಲಿ ಬಹಳಷ್ಟನ್ನು ಅವರು ಒಮ್ಮೆಯೂ ತೆರೆದಿರಲಿಲ್ಲ. ಗ್ಯಾಲರಿ ಚೊಕ್ಕಟವಾಗಿದ್ದದ್ದೇ ತೊಂದರೆಯ ಮೂಲವನ್ನು ಮರೆಮಾಚಿತ್ತು. ಖಾಸಗಿತನದ ದೃಷ್ಟಿಯಿಂದ ಆ ಆಯ್ಕೆ ನಿಜಕ್ಕೂ ಉಪಯುಕ್ತ, ಆದರೆ ಜಾಗ ಉಳಿಸುವ ಕೆಲಸಕ್ಕೆ ಅದು ಒದಗುವುದಿಲ್ಲ.

ಐಫೋನಿನಲ್ಲಿ ಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಪ್ರತಿ ಬಗೆಯ ಕಡತಕ್ಕೂ ಎಂದಿಗೂ ಬೇಡ, ವೈಫೈನಲ್ಲಿ ಮಾತ್ರ, ಎರಡರಲ್ಲೂ ಎಂಬ ಆಯ್ಕೆಗಳಿವೆ. ಅದರ ಜೊತೆಗೆ Save to Photos ಎಂಬುದು ಆನ್ ಆಗಿದ್ದರೆ ಬಂದ ಚಿತ್ರದ ಒಂದು ಪ್ರತಿ ವಾಟ್ಸ್ಆ್ಯಪ್‌ನೊಳಗೂ ಇನ್ನೊಂದು ಪ್ರತಿ ಫೋಟೋಸ್ ಆ್ಯಪ್‌ನಲ್ಲೂ ಉಳಿಯುತ್ತದೆ. ಹೀಗಾಗಿ ಐಫೋನ್ ಬಳಸುವವರು ಎರಡನ್ನೂ ಆಫ್ ಮಾಡಬೇಕು.

ಬದಲಾವಣೆ ಸರಿಯಾಗಿ ಆಗಿದೆಯೇ ಎಂದು ತಿಳಿಯುವುದು ಸುಲಭ. ಹೊಸದಾಗಿ ಬಂದ ಚಿತ್ರ ಚಾಟ್ ತೆರೆದ ಕೂಡಲೇ ಸ್ಪಷ್ಟವಾಗಿ ಕಂಡರೆ ಅದು ಆಗಲೇ ಇಳಿದಿದೆ ಎಂದರ್ಥ. ಮಸುಕಾದ ಪುಟ್ಟ ಚಿತ್ರ, ಅದರ ಮೇಲೊಂದು ಕೆಳಮುಖದ ಬಾಣ, ಪಕ್ಕದಲ್ಲಿ ಕಡತದ ಗಾತ್ರ ಕಂಡರೆ ಅದು ನಮ್ಮ ಒಪ್ಪಿಗೆಗೆ ಕಾಯುತ್ತಿದೆ. ಹಾಗೆ ಕಾಣುವ ಗಾತ್ರದ ಅಂಕಿ ನನಗೆ ಬಹಳ ಮುಖ್ಯವೆನಿಸುತ್ತದೆ. ತಾನಾಗಿ ಇಳಿಯುತ್ತಿದ್ದಾಗ ಯಾವುದು 200 ಕೆಬಿ, ಯಾವುದು 30 ಎಂಬಿ ಎಂಬ ವ್ಯತ್ಯಾಸ ನಮ್ಮ ಗಮನಕ್ಕೇ ಬರುವುದಿಲ್ಲ. ಈಗ ಬೆರಳಿಡುವ ಮೊದಲೇ ಅದು ತಿಳಿಯುತ್ತದೆ, ಆ ಮಸುಕು ಚಿತ್ರದಿಂದಲೇ ವಿಷಯ ಏನೆಂಬುದೂ ಹಲವು ಸಲ ಊಹೆಗೆ ನಿಲುಕುತ್ತದೆ. ಧ್ವನಿ ಸಂದೇಶಗಳು ಮಾತ್ರ ಈ ಆಯ್ಕೆಗಳಿಗೆ ಒಳಪಡುವುದಿಲ್ಲ. ಅವು ಯಾವಾಗಲೂ ತಾವಾಗಿಯೇ ಇಳಿಯುತ್ತವೆ.

ಈ ಆಯ್ಕೆಗಳು ಅನ್ವಯಿಸುವುದು ಮುಂದೆ ಬರುವುದಕ್ಕೆ ಮಾತ್ರ, ಆಗಲೇ ತುಂಬಿರುವುದನ್ನು ನಾವೇ ತೆರವು ಮಾಡಬೇಕು. ಅದಕ್ಕೆ ಗ್ಯಾಲರಿಗಿಂತ ಒಳ್ಳೆಯ ಜಾಗ Storage and data ಒಳಗಿನ Manage storage. ಅಲ್ಲಿ 5 ಎಂಬಿಗಿಂತ ದೊಡ್ಡ ಕಡತಗಳು ಒಂದೆಡೆ, ಹಲವು ಬಾರಿ ಫಾರ್ವರ್ಡ್ ಆದವು ಇನ್ನೊಂದೆಡೆ ಸಿಗುತ್ತವೆ. ಅದರ ಕೆಳಗೆ ಪ್ರತಿ ಚಾಟ್ ಎಷ್ಟು ಜಾಗ ಹಿಡಿದಿದೆ ಎಂಬ ಪಟ್ಟಿ ಇದೆ. ಚಿಕ್ಕಮ್ಮನ ಫೋನಿನಲ್ಲಿ ನಾವು ಪಟ್ಟಿಯ ತುದಿಯಲ್ಲಿದ್ದ ಗುಂಪನ್ನು ತೆರೆದು, ದೊಡ್ಡ ಕಡತಗಳಿಂದ ಆರಂಭಿಸಿ, ಅವರಿಗೆ ಬೇಕಾದ ಮೊಮ್ಮಗುವಿನ ವಿಡಿಯೊಗಳನ್ನು ಬಿಟ್ಟು ಉಳಿದವನ್ನು ಅಳಿಸಿದೆವು. ಅಳಿಸಿದ ಮೇಲೂ ಅಂಕಿ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಒಂದೇ ವಿಡಿಯೊ ಮೂರು ನಾಲ್ಕು ಗುಂಪುಗಳಲ್ಲಿ ಬಂದಿದ್ದರೆ ಎಲ್ಲ ಕಡೆಯಿಂದಲೂ ತೆಗೆದಾಗಲೇ ಆ ಜಾಗ ಬಿಡುಗಡೆಯಾಗುತ್ತದೆ. ಉಳಿದ ಗುಂಪುಗಳಿಂದಲೂ ತೆಗೆದ ನಂತರ ಫೋನಿನ ಉಸಿರುಗಟ್ಟುವಿಕೆ ನಿಂತಿತು. ಗೂಗಲ್ ಫೋಟೋಸ್ ಮೂಲಕ ಅಳಿಸುವವರು ಇನ್ನೊಂದನ್ನು ನೆನಪಿಡಬೇಕು: ಅಲ್ಲಿ ಅಳಿಸಿದ್ದು ಮೊದಲು ಟ್ರ್ಯಾಶ್‌ಗೆ ಹೋಗಿ, ಬ್ಯಾಕಪ್ ಆಗಿದ್ದರೆ 60 ದಿನ, ಆಗಿರದಿದ್ದರೆ 30 ದಿನ ಉಳಿದಿರುತ್ತದೆ. ಟ್ರ್ಯಾಶ್ ಖಾಲಿ ಮಾಡುವವರೆಗೆ ಜಾಗ ಪೂರ್ತಿಯಾಗಿ ಮರಳದಿರಬಹುದು.

ನಾವೇ ಕಳುಹಿಸುವ ಚಿತ್ರಗಳ ವಿಷಯದಲ್ಲಿ ಆಟೋ ಡೌನ್‌ಲೋಡ್ ಆಯ್ಕೆ ಏನೂ ಮಾಡಲಾರದು. ಆಂಡ್ರಾಯ್ಡ್‌ನಲ್ಲಿ ಅವುಗಳ ಕುಗ್ಗಿಸಿದ ಪ್ರತಿ Sent ಎಂಬ ಒಳ ಫೋಲ್ಡರಿನಲ್ಲಿ ಉಳಿಯುತ್ತದೆ, ಅದು ಗ್ಯಾಲರಿಗೆ ಕಾಣುವುದಿಲ್ಲ. ಹೆಚ್ಚು ಕಳುಹಿಸುವ ಅಭ್ಯಾಸವಿರುವವರು ಆ ಕಡೆಗೂ ಕಣ್ಣು ಹಾಯಿಸಬೇಕು.

ಈಗ ನನ್ನ ಆಕ್ಷೇಪಕ್ಕೆ ಬರುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಗ್ಯಾಲರಿಗೆ ಕಾಣಬೇಕೇ ಎಂಬುದನ್ನು ಪ್ರತಿ ಚಾಟ್‌ಗೂ ಬೇರೆಯಾಗಿ ನಿಗದಿಪಡಿಸಬಹುದು, ಆದರೆ ತಾನಾಗಿ ಇಳಿಯಬೇಕೇ ಎಂಬ ಆಯ್ಕೆ ಎಲ್ಲ ಚಾಟ್‌ಗಳಿಗೂ ಒಂದೇ. ಮಗಳು ಕಳುಹಿಸುವ ಫೋಟೊಗೂ, ಇನ್ನೂರು ಜನರ ಗುಂಪಿನ ಫಾರ್ವರ್ಡ್‌ಗೂ ಒಂದೇ ನಿಯಮ ಇರುವುದು ಸರಿಯಲ್ಲ. ಟೆಲಿಗ್ರಾಮ್‌ನಲ್ಲಿ ಖಾಸಗಿ ಚಾಟ್, ಗುಂಪು, ಚಾನೆಲ್ ಎಂದು ಬೇರೆ ಬೇರೆಯಾಗಿ ನಿಗದಿಪಡಿಸಲು, ಇಷ್ಟು ಎಂಬಿಗಿಂತ ದೊಡ್ಡದು ಇಳಿಯಬಾರದು ಎಂದು ಮಿತಿ ಹಾಕಲು ಅವಕಾಶವಿದೆ. ಇದು ಸಾಧ್ಯವಿರುವ ಕೆಲಸ ಎಂಬುದಕ್ಕೆ ಅದೇ ಸಾಕ್ಷಿ. ಆ ಸೌಲಭ್ಯ ಇಲ್ಲದಿರುವವರೆಗೆ, ಮೂರೂ ಸಾಲುಗಳಲ್ಲಿ ವಿಡಿಯೊ, ಡಾಕ್ಯುಮೆಂಟ್‌ಗಳ ಗುರುತನ್ನು ತೆಗೆದು, ಮನೆಯವರ ಫೋಟೊ ತಕ್ಷಣ ಕಾಣಲಿ ಎನ್ನುವವರು ವೈಫೈ ಸಾಲಿನಲ್ಲಿ ಫೋಟೊ ಒಂದನ್ನು ಉಳಿಸಿಕೊಳ್ಳುವುದು ನನಗೆ ಸೂಕ್ತವಾಗಿ ಕಾಣುತ್ತದೆ.

ಹೀಗೆ ಮಾಡಿದವರು ಒಂದು ಎಚ್ಚರ ವಹಿಸಬೇಕು. ಇಳಿಸದೆ ಬಿಟ್ಟ ಕಡತ ಸರ್ವರಿನಲ್ಲಿ ಶಾಶ್ವತವಾಗಿ ಕಾದಿರುವುದಿಲ್ಲ. ಬಹಳ ದಿನ ಬಿಟ್ಟು ಬಾಣವನ್ನು ಒತ್ತಿದರೆ ಡೌನ್‌ಲೋಡ್ ಆಗಲಿಲ್ಲ, ಮತ್ತೊಮ್ಮೆ ಕಳುಹಿಸಲು ಕೇಳಿ ಎಂಬ ಸಂದೇಶ ಬರಬಹುದು, ಆ ಹೊತ್ತಿಗೆ ಕಳುಹಿಸಿದವರೂ ಅದನ್ನು ಅಳಿಸಿರಬಹುದು. ವೈದ್ಯಕೀಯ ವರದಿ, ಟಿಕೆಟ್, ಕಚೇರಿಯ ಪತ್ರದಂಥವು ಬಂದ ದಿನವೇ ಇಳಿಸಿಕೊಂಡು, ಬೇಕಾದರೆ ಬೇರೆ ಫೋಲ್ಡರಿಗೆ ಪ್ರತಿ ಮಾಡಿಡಬೇಕು. ಹಿರಿಯರ ಫೋನಿನಲ್ಲಿ ಈ ಬದಲಾವಣೆ ಮಾಡಿಕೊಡುವವರು ಬಾಣದ ಗುರುತು ಎಂದರೇನು, ಅದನ್ನು ಯಾವಾಗ ಒತ್ತಬೇಕು ಎಂಬುದನ್ನು ಅವರ ಕೈಯಲ್ಲೇ ಒಂದೆರಡು ಸಲ ಮಾಡಿಸಿ ತೋರಿಸಬೇಕು. ಇಲ್ಲವಾದರೆ ‘ಚಿತ್ರಗಳೆಲ್ಲ ಮಸುಕಾಗಿವೆ, ಫೋನ್ ಕೆಟ್ಟಿದೆ’ ಎಂದುಕೊಂಡು ಅವರು ಬೇರೆ ಯಾರಿಂದಲೋ ಎಲ್ಲವನ್ನೂ ಮತ್ತೆ ಮೊದಲಿನಂತೆ ಮಾಡಿಸಿಕೊಳ್ಳುತ್ತಾರೆ.